ಬಿಲ್ಲು ಬರೆಯದ ಅಂಗಡಿಯ ತಿಂಗಳ ಲೆಕ್ಕ

ಬೀದಿಬದಿಯ ಕಿರಾಣಿ ಅಂಗಡಿ, ಬೇಕರಿ, ಸ್ಟೇಷನರಿ, ಹೊಲಿಗೆ ಸಾಮಾನಿನ ಮಳಿಗೆ ಮುಂತಾದವುಗಳಲ್ಲಿ ಸಾಮಾನ್ಯವಾಗಿ ಮಾಲೀಕರೇ ಮಾರಾಟಗಾರರು, ಅವರೇ ಖಜಾಂಚಿಗಳು. ಲೆಕ್ಕಕ್ಕೆಂದೇ ಒಬ್ಬ ಗುಮಾಸ್ತನನ್ನು ನೇಮಿಸಿಕೊಳ್ಳುವಷ್ಟು ವಹಿವಾಟು ಅಲ್ಲಿರುವುದಿಲ್ಲ. ಆದ್ದರಿಂದ ಲೆಕ್ಕ ಬಲ್ಲ ಒಬ್ಬರೇ ಐದಾರು ಅಂಗಡಿಗಳನ್ನು ವಹಿಸಿಕೊಂಡು, ಪ್ರತಿಯೊಂದರಿಂದಲೂ ನಿಗದಿತ ಮಾಸಿಕ ಸಂಭಾವನೆ ಪಡೆದು, ಗಣಕಯಂತ್ರದ ಸ್ಪ್ರೆಡ್‌ಶೀಟಿನಲ್ಲಿ ತಿಂಗಳ ಲೆಕ್ಕವನ್ನು ಸಿದ್ಧಪಡಿಸಿಕೊಡುವ ಏರ್ಪಾಡು ಇಬ್ಬರಿಗೂ ಅನುಕೂಲಕರವಾಗಿದೆ. ಆದರೆ ಈ ಏರ್ಪಾಡಿನಲ್ಲಿ ಒಂದು ತೊಡಕಿದೆ. ಇಂತಹ ಅಂಗಡಿಗಳಲ್ಲಿ ಪ್ರತಿ ಮಾರಾಟಕ್ಕೂ ಬಿಲ್ಲು ಬರೆಯುವ ರೂಢಿಯಿಲ್ಲ. ಹೀಗಾಗಿ ತಿಂಗಳ ಮಾರಾಟ ಎಷ್ಟು ಎಂಬ ಮೂಲಭೂತ ಅಂಕಿಯೇ ಎಲ್ಲಿಯೂ ಬರೆದಿರುವುದಿಲ್ಲ. ಅದನ್ನು ಲೆಕ್ಕಿಗರು ಇತರ ಅಂಕಿಗಳಿಂದ ಹೊರತೆಗೆಯಬೇಕಾಗುತ್ತದೆ. ಆ ಕ್ರಮವನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಈ ಅಂಕಿಯ ಮಹತ್ವವು 2025ರ ಜುಲೈ ತಿಂಗಳಿನಲ್ಲಿ ನಮ್ಮ ವರ್ತಕ ಬಾಂಧವರಿಗೆ ಚೆನ್ನಾಗಿ ಮನವರಿಕೆಯಾಯಿತು. ಯುಪಿಐ ಮೂಲಕ ಜಮೆಯಾದ ಮೊತ್ತಗಳನ್ನು ಆಧರಿಸಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಆಗ ಅನೇಕ ಸಣ್ಣ ವ್ಯಾಪಾರಿಗಳಿಗೆ ನೋಟೀಸು ನೀಡಿತು. ಖಾತೆಗೆ ಬಂದ ಹಣವೆಲ್ಲವೂ ವ್ಯಾಪಾರದ ಹಣವಲ್ಲ, ಮನೆಯವರು ಕಳುಹಿಸಿದ್ದೂ ಕೈಸಾಲವೂ ಅದರಲ್ಲಿ ಸೇರಿದೆ ಎಂಬುದು ಹಲವರ ಉತ್ತರವಾಗಿತ್ತು. ಆ ಉತ್ತರ ನಿಜವೇ ಆಗಿದ್ದರೂ, ಅದನ್ನು ಅಂಕಿಗಳಿಂದ ತೋರಿಸಲು ತಿಂಗಳು ತಿಂಗಳಿಗೆ ಬರೆದಿಟ್ಟ ಲೆಕ್ಕ ಬೇಕು. ವರ್ಷಗಳು ಕಳೆದ ಮೇಲೆ ನೆನಪಿನಿಂದ ಬಿಡಿಸಿ ಹೇಳುವುದು ಯಾರಿಗೂ ಸಾಧ್ಯವಿಲ್ಲ.

ದಿನದ ಚೀಟಿ

ಲೆಕ್ಕಿಗರು ಎಷ್ಟೇ ನಿಪುಣರಾಗಿದ್ದರೂ, ಗಲ್ಲಾಪೆಟ್ಟಿಗೆಯಿಂದ ಹೊರಹೋದ ಹಣದ ವಿವರವನ್ನು ಅಂಗಡಿಯವರೇ ಬರೆದಿಡಬೇಕು. ಇದಕ್ಕೆ ದೊಡ್ಡ ಪುಸ್ತಕ ಬೇಕಾಗಿಲ್ಲ. ರಾತ್ರಿ ಬಾಗಿಲು ಹಾಕುವ ಮುನ್ನ ನಾಲ್ಕು ಸಾಲಿನ ಒಂದು ಚೀಟಿ ಬರೆದರೆ ಸಾಕು. ಗಲ್ಲಾದಲ್ಲಿ ಎಣಿಸಿದ ನಗದು ಎಷ್ಟು, ಗಲ್ಲಾದಿಂದ ಯಾರಿಗೆ ಎಷ್ಟು ಕೊಡಲಾಯಿತು, ಉದ್ರಿ ಕೊಟ್ಟದ್ದು ಎಷ್ಟು, ಹಳೆಯ ಉದ್ರಿ ವಸೂಲಾದದ್ದು ಎಷ್ಟು ಎಂಬುವೇ ಆ ನಾಲ್ಕು ಸಾಲುಗಳು.

ಎರಡನೆಯ ಸಾಲಿನಲ್ಲಿ ಸರಬರಾಜುದಾರರಿಗೆ ಕೊಟ್ಟದ್ದು, ಸಣ್ಣಪುಟ್ಟ ಖರ್ಚು, ಬ್ಯಾಂಕಿಗೆ ಕಟ್ಟಿದ್ದು ಮತ್ತು ಮನೆಗೆ ಒಯ್ದದ್ದು ಬೇರೆಬೇರೆಯಾಗಿರಬೇಕು. ಇವುಗಳಲ್ಲಿ ಬರೆಯದೆ ಉಳಿಯುವುದು ಬಹುತೇಕ ಮನೆಗೆ ಒಯ್ದ ಹಣವೇ. ತರಕಾರಿಗೆಂದು ಇನ್ನೂರು, ಮಗುವಿನ ಶಾಲೆಯ ಬಸ್ಸಿಗೆಂದು ಎಂಟುನೂರು ತೆಗೆಯುವಾಗ ಅದು ತಮ್ಮದೇ ಹಣವೆಂಬ ಭಾವನೆಯಿಂದ ಮಾಲೀಕರು ಬರೆಯುವುದಿಲ್ಲ. ಹಣ ಅವರದೇ ಹೌದು, ಆದರೆ ಹಾಗೆ ಬರೆಯದೆ ಬಿಟ್ಟ ಪ್ರತಿ ರೂಪಾಯಿಯೂ ಮಾರಾಟದ ಅಂಕಿಯಿಂದ ಕಳೆದುಹೋಗುತ್ತದೆ. ಅದು ಹೇಗೆಂಬುದು ಮುಂದಿನ ಉದಾಹರಣೆಯಿಂದ ಸ್ಪಷ್ಟವಾಗುತ್ತದೆ.

ಒಂದು ತಿಂಗಳ ಮಾರಾಟವನ್ನು ಕಂಡುಹಿಡಿಯುವ ಬಗೆ

ಒಂದು ಕಿರಾಣಿ ಅಂಗಡಿಯ ಜೂನ್ ತಿಂಗಳ ಲೆಕ್ಕವನ್ನು ಉದಾಹರಣೆಗಾಗಿ ತೆಗೆದುಕೊಳ್ಳೋಣ. ಜೂನ್ 1ರ ಬೆಳಿಗ್ಗೆ ಗಲ್ಲಾದಲ್ಲಿದ್ದ ಆರಂಭ ಶಿಲ್ಕು 6,000 ರೂಪಾಯಿ. ಜೂನ್ 30ರ ರಾತ್ರಿಯ ಆಖೈರು ಶಿಲ್ಕು 8,500 ರೂಪಾಯಿ. ಈ ನಡುವೆ ಗಲ್ಲಾದಿಂದ ಹೊರಹೋದದ್ದು ಹೀಗಿದೆ: ಸರಬರಾಜುದಾರರಿಗೆ ನಗದಾಗಿ 38,000, ಸಣ್ಣ ಖರ್ಚುಗಳಿಗೆ 4,200, ಮನೆಗೆ 15,000, ಬ್ಯಾಂಕಿಗೆ ಕಟ್ಟಿದ್ದು 92,000. ಹೊರಹೋದ ಒಟ್ಟು ಮೊತ್ತ 1,49,200 ರೂಪಾಯಿ.

ಹೊರಹೋದ ಮೊತ್ತಕ್ಕೆ ಆಖೈರು ಶಿಲ್ಕನ್ನು ಕೂಡಿಸಿ ಆರಂಭ ಶಿಲ್ಕನ್ನು ಕಳೆದರೆ, ತಿಂಗಳಿನಲ್ಲಿ ಗಲ್ಲಾಕ್ಕೆ ಬಂದ ನಗದು 1,51,700 ರೂಪಾಯಿ ಎಂದು ತಿಳಿಯುತ್ತದೆ. ಇದರಲ್ಲಿ 9,700 ರೂಪಾಯಿ ಹಳೆಯ ಉದ್ರಿಯ ವಸೂಲಿ. ಆ ಸರಕು ಹಿಂದಿನ ತಿಂಗಳುಗಳಲ್ಲೇ ಮಾರಾಟವಾಗಿ ಆಗಿನ ಲೆಕ್ಕಕ್ಕೆ ಸೇರಿದೆ. ಆದ್ದರಿಂದ ಅದನ್ನು ಕಳೆದರೆ ಜೂನ್ ತಿಂಗಳ ನಗದು ಮಾರಾಟ 1,42,000 ರೂಪಾಯಿ.

ಇನ್ನು ಯುಪಿಐ ಲೆಕ್ಕ. ಕ್ಯೂಆರ್ ಕೋಡ್ ಮೂಲಕ ತಿಂಗಳಿನಲ್ಲಿ ಬಂದದ್ದು 1,26,400 ರೂಪಾಯಿ. ಇದರಲ್ಲಿ 10,000 ರೂಪಾಯಿ ಮಾಲೀಕರ ಮಗ ಮನೆಖರ್ಚಿಗೆಂದು ಕಳುಹಿಸಿದ್ದು, 6,400 ರೂಪಾಯಿ ಹಳೆಯ ಉದ್ರಿಯ ವಸೂಲಿ. ಇವೆರಡನ್ನೂ ಕಳೆದರೆ ಯುಪಿಐ ಮಾರಾಟ 1,10,000 ರೂಪಾಯಿ. ಜೊತೆಗೆ ಈ ತಿಂಗಳು ಹೊಸದಾಗಿ ಕೊಟ್ಟ ಉದ್ರಿ 18,000 ರೂಪಾಯಿ. ಹಣ ಇನ್ನೂ ಬಂದಿಲ್ಲವಾದರೂ ಸರಕು ಕೈಬಿಟ್ಟಿರುವುದರಿಂದ ಇದು ಈ ತಿಂಗಳ ಮಾರಾಟವೇ.

ಹೀಗೆ ನಗದು 1,42,000, ಯುಪಿಐ 1,10,000 ಮತ್ತು ಉದ್ರಿ 18,000 ಸೇರಿ ಜೂನ್ ತಿಂಗಳ ಒಟ್ಟು ಮಾರಾಟ 2,70,000 ರೂಪಾಯಿ ಎಂದಾಗುತ್ತದೆ. ವರ್ಷವಿಡೀ ಇದೇ ಪ್ರಮಾಣದಲ್ಲಿ ನಡೆದರೆ 32,40,000 ರೂಪಾಯಿ. ರಾಜ್ಯದೊಳಗೇ ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿಯನ್ನು 2019ರ ಏಪ್ರಿಲ್‌ನಿಂದ ವರ್ಷಕ್ಕೆ 40 ಲಕ್ಷ ರೂಪಾಯಿಗೆ ಏರಿಸಲಾಗಿದ್ದು, ಈ ಅಂಗಡಿ ಅದರ ಕೆಳಗಿದೆ. ತೆರಿಗೆಯಿರುವ ಸರಕಿನ ಜೊತೆಗೆ ತೆರಿಗೆ ವಿನಾಯಿತಿಯ ಸರಕನ್ನೂ ಮಾರುವ ಅಂಗಡಿಯವರು, ಈ ಮಿತಿಯನ್ನು ನೋಡುವಾಗ ಎರಡನ್ನೂ ಕೂಡಿಸಬೇಕೆಂಬುದನ್ನು ಮರೆಯಬಾರದು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಈ ಅಂಗಡಿಯ ಬ್ಯಾಂಕ್ ಖಾತೆಯನ್ನಷ್ಟೇ ನೋಡಿದವರಿಗೆ ಕಾಣುವುದು ಯುಪಿಐ ಜಮೆ 1,26,400 ಮತ್ತು ನಗದು ಜಮೆ 92,000, ಒಟ್ಟು 2,18,400 ರೂಪಾಯಿ. ಬಂದದ್ದನ್ನೆಲ್ಲ ಮಾರಾಟವೆಂದು ಬರೆದು ಅದಕ್ಕೆ ಹೊಸ ಉದ್ರಿಯನ್ನೂ ಕೂಡಿಸುವವರಿಗೆ 2,96,100 ರೂಪಾಯಿ ಬರುತ್ತದೆ. ಎರಡೂ ಮಾರಾಟವಲ್ಲ. ಮೊದಲನೆಯದು ಕಡಿಮೆ, ಎರಡನೆಯದು ಹೆಚ್ಚು. ಎರಡನೆಯ ತಪ್ಪು ವರ್ಷವಿಡೀ ನಡೆದರೆ ವ್ಯತ್ಯಾಸವು ಮೂರು ಲಕ್ಷ ರೂಪಾಯಿಯನ್ನು ಮೀರುತ್ತದೆ. ಮಿತಿಯ ಅಂಚಿನಲ್ಲಿರುವ ಅಂಗಡಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ಸ್ಪ್ರೆಡ್‌ಶೀಟಿನ ರಚನೆ

ಆರು ಅಂಗಡಿಗಳ ಲೆಕ್ಕ ಬರೆಯುವವರು ಆರಕ್ಕೂ ಒಂದೇ ಮಾದರಿಯ ಕಡತವನ್ನು ಇಟ್ಟುಕೊಳ್ಳುವುದು ಲೇಸು. ಒಂದು ಹಾಳೆಯಲ್ಲಿ ನಮೂದುಗಳು ಮಾತ್ರ: ಮೊದಲ ಕಾಲಮ್ಮಿನಲ್ಲಿ ದಿನಾಂಕ, ಎರಡನೆಯದರಲ್ಲಿ ಬಾಬಿನ ಸಂಕೇತ, ಮೂರನೆಯದರಲ್ಲಿ ವಿವರ, ನಾಲ್ಕನೆಯದರಲ್ಲಿ ನಗದೋ ಬ್ಯಾಂಕೋ ಎಂಬುದು, ಐದನೆಯದರಲ್ಲಿ ಮೊತ್ತ. ಇನ್ನೊಂದು ಹಾಳೆಯಲ್ಲಿ ತಿಂಗಳ ಸಾರಾಂಶ. ಸಾರಾಂಶದ ಹಾಳೆಯಲ್ಲಿ ಕೈಯಿಂದ ಬರೆಯುವುದು ತಿಂಗಳ ಮೊದಲ ದಿನಾಂಕ ಹಾಗೂ ಎರಡು ಶಿಲ್ಕುಗಳನ್ನು ಮಾತ್ರ. ಉಳಿದುದೆಲ್ಲವೂ ಸೂತ್ರಗಳಿಂದಲೇ ಬರಬೇಕು. ಉದಾಹರಣೆಗೆ, ಮನೆಗೆ ಒಯ್ದ ಹಣಕ್ಕೆ `DRAW` ಎಂಬ ಸಂಕೇತವಿದ್ದು, ತಿಂಗಳ ಮೊದಲ ದಿನಾಂಕವು `B1` ಕೋಶದಲ್ಲಿದ್ದರೆ, ಆ ತಿಂಗಳ ಮೊತ್ತವನ್ನು ಎಕ್ಸೆಲ್‌ನಲ್ಲಿ ಈ ಸೂತ್ರದಿಂದ ಪಡೆಯಬಹುದು:

```
=SUMIFS(Entries!E:E,Entries!B:B,"DRAW",Entries!A:A,">="&B1,Entries!A:A,"<"&EDATE(B1,1))
```

ಸಂಕೇತಗಳನ್ನು ಪ್ರತಿ ಬಾರಿ ಬೆರಳಚ್ಚು ಮಾಡದೆ, ಪಟ್ಟಿಯಿಂದ ಆರಿಸುವಂತೆ ಮಾಡಿಟ್ಟುಕೊಳ್ಳಬೇಕು. ಸಂಕೇತದ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ ಉಳಿದರೂ ಆ ನಮೂದು ಮೊತ್ತಕ್ಕೆ ಸೇರುವುದಿಲ್ಲ, ಗಣಕವು ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಇದನ್ನು ಪತ್ತೆಹಚ್ಚಲು ಸಾರಾಂಶದ ಕೆಳಗೆ ಒಂದು ಸಾಲನ್ನು ಮೀಸಲಿಡಬೇಕು. ಆ ತಿಂಗಳ ಎಲ್ಲ ನಮೂದುಗಳ ಒಟ್ಟು ಮೊತ್ತದಿಂದ ಎಲ್ಲ ಬಾಬುಗಳ ಒಟ್ಟು ಮೊತ್ತವನ್ನು ಕಳೆದರೆ ಅಲ್ಲಿ ಸೊನ್ನೆ ಬರಬೇಕು.

ಬ್ಯಾಂಕಿನಿಂದಲೂ ಯುಪಿಐ ಆ್ಯಪ್‌ನಿಂದಲೂ ಇಳಿಸಿಕೊಂಡ ವಿವರಪಟ್ಟಿಗಳಲ್ಲಿ ಇನ್ನೊಂದು ತೊಂದರೆ ಎದುರಾಗುತ್ತದೆ. ಕೆಲವು ಮೊತ್ತಗಳು ಸಂಖ್ಯೆಯಂತೆ ಕಂಡರೂ ಅಕ್ಷರಗಳ ರೂಪದಲ್ಲಿ ಕುಳಿತಿರುತ್ತವೆ. ಸೂತ್ರವು ಅವುಗಳನ್ನು ಮೌನವಾಗಿ ಬಿಟ್ಟುಬಿಡುತ್ತದೆ. ಸಾಮಾನ್ಯವಾಗಿ ಸಂಖ್ಯೆಗಳು ಕೋಶದ ಬಲಕ್ಕೂ ಅಕ್ಷರಗಳು ಎಡಕ್ಕೂ ಅಂಟಿಕೊಳ್ಳುವುದರಿಂದ ಕಣ್ಣಿನಿಂದಲೇ ಗುರುತಿಸಬಹುದು. ಆದರೆ ಆರುನೂರು ಸಾಲುಗಳ ಪಟ್ಟಿಯಲ್ಲಿ ಈ ಸೂತ್ರವೇ ವಿಶ್ವಾಸಾರ್ಹ:

```
=COUNTA(Entries!E2:E2000)-COUNT(Entries!E2:E2000)
```

ಸೊನ್ನೆಯ ಬದಲು 3 ಎಂದು ಬಂದರೆ ಮೂರು ಮೊತ್ತಗಳು ಲೆಕ್ಕದಿಂದ ಹೊರಗುಳಿದಿವೆ ಎಂದರ್ಥ. ದಿನಾಂಕದ ಕಾಲಮ್ಮಿಗೂ ಇದೇ ಪರೀಕ್ಷೆಯನ್ನು ಮಾಡಬೇಕು. ಗಣಕವು ಅಮೆರಿಕದ ಕ್ರಮದಲ್ಲಿ ತಿಂಗಳನ್ನು ಮೊದಲು ಓದುವಂತೆ ಹೊಂದಿಸಲ್ಪಟ್ಟಿದ್ದರೆ, ಜೂನ್ 5 ಎಂಬುದು ಮೇ 6 ಆಗಿ ಹಿಂದಿನ ತಿಂಗಳಿಗೆ ಹೋಗುತ್ತದೆ. ಜೂನ್ 13ರಿಂದ ಮುಂದಿನ ದಿನಾಂಕಗಳು ತಿಂಗಳಾಗಲಾರದೆ ಅಕ್ಷರಗಳಾಗಿಯೇ ಉಳಿಯುತ್ತವೆ. ದಿನಾಂಕಗಳ ಪೈಕಿ ಕೆಲವು ಬಲಕ್ಕೂ ಕೆಲವು ಎಡಕ್ಕೂ ಇದ್ದರೆ ಕಾರಣ ಬಹುತೇಕ ಇದೇ. ಗಣಕದ ಪ್ರಾದೇಶಿಕ ಹೊಂದಾಣಿಕೆಯಲ್ಲಿ ಭಾರತವನ್ನು ಆರಿಸಿ, ಪಟ್ಟಿಯನ್ನು ಮತ್ತೊಮ್ಮೆ ಇಳಿಸಿಕೊಳ್ಳುವುದೇ ಪರಿಹಾರ. ಒಂದೊಂದಾಗಿ ತಿದ್ದಲು ಹೋಗಬಾರದು.

ತಿಂಗಳ ಕೊನೆಯ ದಿನದ ಯುಪಿಐ ಹಣ ಕೆಲವೊಮ್ಮೆ ಮರುದಿನ ಬ್ಯಾಂಕಿಗೆ ಜಮೆಯಾಗುತ್ತದೆ. ಆದ್ದರಿಂದ ಮಾರಾಟವನ್ನು ಯುಪಿಐ ವಹಿವಾಟಿನ ದಿನಾಂಕದಂತೆ ತೆಗೆದುಕೊಂಡು, ಬ್ಯಾಂಕಿಗೆ ಇನ್ನೂ ಬರಬೇಕಾದ ಮೊತ್ತವನ್ನು ಬಾಕಿಯೆಂದು ತೋರಿಸಬೇಕು. ಇಲ್ಲವಾದರೆ ಜೂನ್ 30ರ ವ್ಯಾಪಾರ ಜುಲೈ ತಿಂಗಳಿಗೆ ಸೇರಿಬಿಡುತ್ತದೆ.

ದಾಸ್ತಾನಿನೊಂದಿಗೆ ತಾಳೆ

ಹೀಗೆ ಹೊರತೆಗೆದ ಮಾರಾಟದ ಅಂಕಿ ನಂಬತಕ್ಕದ್ದೇ ಎಂಬುದನ್ನು ಗಲ್ಲಾದ ಲೆಕ್ಕವೇ ಹೇಳಲಾರದು. ಮನೆಗೆ ಒಯ್ದ ಹಣವನ್ನು ಬರೆಯದೆ ಬಿಟ್ಟಿದ್ದರೂ ಆ ಲೆಕ್ಕದಲ್ಲಿ ಯಾವ ವ್ಯತ್ಯಾಸವೂ ತೋರುವುದಿಲ್ಲ, ಮಾರಾಟವಷ್ಟೇ ಕಡಿಮೆಯಾಗಿ ಕಾಣುತ್ತದೆ. ಅದನ್ನು ಹಿಡಿದುಕೊಡುವುದು ದಾಸ್ತಾನು. ಸಣ್ಣ ಅಂಗಡಿಗೆ ಪ್ರತಿ ತಿಂಗಳೂ ಸರಕು ಎಣಿಸುವುದು ಹೊರೆಯಾದೀತು. ಮೂರು ತಿಂಗಳಿಗೊಮ್ಮೆ ಎಣಿಸಿದರೆ ಸಾಕು.

ನಮ್ಮ ಉದಾಹರಣೆಯ ಅಂಗಡಿಯಲ್ಲಿ ಏಪ್ರಿಲ್ 1ರಂದು ಕೊಂಡ ಬೆಲೆಯಲ್ಲಿ 3,10,000 ರೂಪಾಯಿಯ ದಾಸ್ತಾನಿತ್ತು. ಮೂರು ತಿಂಗಳಿನ ಖರೀದಿ, ನಗದಾಗಿ ಕೊಂಡದ್ದೂ ಬ್ಯಾಂಕಿನ ಮೂಲಕ ಕೊಂಡದ್ದೂ ಸಾಲಕ್ಕೆ ತಂದದ್ದೂ ಸೇರಿ, 7,05,000 ರೂಪಾಯಿ. ಜೂನ್ 30ರಂದು ಎಣಿಸಿದ ದಾಸ್ತಾನು 2,95,000 ರೂಪಾಯಿ. ಹಾಗಾದರೆ ಮಾರಾಟವಾದ ಸರಕಿನ ಕೊಂಡ ಬೆಲೆ 7,20,000 ರೂಪಾಯಿ. ಮೂರು ತಿಂಗಳ ಮಾರಾಟ 8,14,000 ರೂಪಾಯಿ ಎಂದು ಲೆಕ್ಕ ಬಂದಿದ್ದರೆ, ಉಳಿದ 94,000 ರೂಪಾಯಿ ಒಟ್ಟು ಲಾಭ, ಅಂದರೆ ಮಾರಾಟದ ಶೇಕಡಾ 11.5ರಷ್ಟು. ತಮ್ಮ ಅಂಗಡಿಯಲ್ಲಿ ಸಾಮಾನ್ಯವಾಗಿ ಶೇಕಡಾ 11ರಿಂದ 12 ಉಳಿಯುತ್ತದೆಂದು ಮಾಲೀಕರು ಬಲ್ಲವರಾದರೆ ಲೆಕ್ಕ ಸರಿಯಿದೆ ಎನ್ನಬಹುದು.

ಇದೇ ಅಂಗಡಿಯವರು ತಿಂಗಳಿಗೆ 15,000 ರೂಪಾಯಿಯಂತೆ ಮನೆಗೆ ಒಯ್ದದ್ದನ್ನು ಬರೆದೇ ಇರಲಿಲ್ಲ ಎಂದಿಟ್ಟುಕೊಳ್ಳಿ. ಆಗ ಮಾರಾಟ 7,69,000 ಎಂದು ತೋರಿ, ಲಾಭ 49,000 ರೂಪಾಯಿಗೆ, ಅಂದರೆ ಶೇಕಡಾ 6.4ಕ್ಕೆ ಕುಸಿಯುತ್ತದೆ. ಲಾಭದ ಪ್ರಮಾಣ ಹೀಗೆ ಏಕಾಏಕಿ ಇಳಿದರೆ ಮೊದಲು ಕೇಳಬೇಕಾದ ಪ್ರಶ್ನೆ ಮನೆಗೆ ಒಯ್ದ ಹಣದ ಬಗ್ಗೆ. ಅದು ಸರಿಯಿದ್ದರೆ ಬರೆಯದ ಉದ್ರಿ, ಮನೆಗೆ ಒಯ್ದ ಸಾಮಾನು, ಹಾಳಾದ ಸರಕು, ಕಳವು ಇವುಗಳನ್ನು ಒಂದೊಂದಾಗಿ ವಿಚಾರಿಸಬೇಕು. ಇದಕ್ಕೆ ಪ್ರತಿಯಾಗಿ ಲಾಭವು ಶೇಕಡಾ 16ಕ್ಕೋ 18ಕ್ಕೋ ಏರಿದರೆ ಸಂತೋಷಪಡುವ ಮುನ್ನ ಖರೀದಿಯ ಬಿಲ್ಲುಗಳನ್ನು ಹುಡುಕಬೇಕು. ಮಾಲೀಕರು ತಮ್ಮ ಸ್ವಂತ ಖಾತೆಯಿಂದ ಹಣ ಕೊಟ್ಟು ತಂದ ಸರಕಿನ ಬಿಲ್ಲು ಲೆಕ್ಕಿಗರ ಕೈ ಸೇರದಿರುವುದೇ ಇದಕ್ಕೆ ಸಾಮಾನ್ಯ ಕಾರಣ.

ಈ ತಾಳೆಯ ಮಿತಿಯನ್ನೂ ತಿಳಿದಿರಬೇಕು. ಎಣಿಕೆಯಲ್ಲಿ ಅಂದಾಜು ಹೆಚ್ಚಿದಷ್ಟೂ ಅದರ ಬೆಲೆ ಕಡಿಮೆಯಾಗುತ್ತದೆ. ನಮ್ಮ ಅಂಗಡಿಯಲ್ಲಿ ದಾಸ್ತಾನಿನ ಅಂದಾಜು 20,000 ರೂಪಾಯಿ ತಪ್ಪಿದರೆ ಲಾಭದ ಪ್ರಮಾಣ ಸುಮಾರು ಎರಡೂವರೆ ಶೇಕಡಾ ಅತ್ತಿತ್ತ ಆಗುತ್ತದೆ. ಆದ್ದರಿಂದ ಅಕ್ಕಿ, ಎಣ್ಣೆ, ಸಕ್ಕರೆ, ಬೇಳೆಯಂತಹ ಹೆಚ್ಚು ಬೆಲೆಯ ದಾಸ್ತಾನನ್ನು ಕಡ್ಡಾಯವಾಗಿ ಎಣಿಸಿ ಅಥವಾ ತೂಗಿ, ಚಿಲ್ಲರೆ ಸಾಮಾನುಗಳನ್ನು ಮಾತ್ರ ಅಂದಾಜಿಗೆ ಬಿಡಬೇಕು.

ಸಂಭಾವನೆಯ ನಿಗದಿ

ಸಂಭಾವನೆಯನ್ನು ಅಂಗಡಿಯ ವಹಿವಾಟಿನ ಮೇಲೆ ನಿಗದಿಪಡಿಸುವುದು ಸರಿಯಲ್ಲ. ಲೆಕ್ಕಿಗರ ಶ್ರಮವನ್ನು ನಿರ್ಧರಿಸುವುದು ನಮೂದುಗಳ ಸಂಖ್ಯೆ. ಹತ್ತು ದೊಡ್ಡ ಬಿಲ್ಲುಗಳಲ್ಲಿ ಸರಕು ತರುವ ಹಾರ್ಡ್‌ವೇರ್ ಅಂಗಡಿಗಿಂತ, ದಿನವೂ ಮೂವರು ಸರಬರಾಜುದಾರರಿಂದ ಸರಕು ಪಡೆಯುವ ಬೇಕರಿಯ ಲೆಕ್ಕಕ್ಕೆ ಹೆಚ್ಚು ಸಮಯ ಬೇಕು.

ಕಿರಾಣಿ ಅಂಗಡಿಯಲ್ಲಿ ತಿಂಗಳಿಗೆ ಖರೀದಿ, ಖರ್ಚು, ಉದ್ರಿ, ಬ್ಯಾಂಕ್ ಎಲ್ಲ ಸೇರಿ ಕೈಯಿಂದ ಬರೆಯಬೇಕಾದ ನಮೂದುಗಳು 140 ಎಂದುಕೊಳ್ಳೋಣ. ಯುಪಿಐ ಪಟ್ಟಿಯನ್ನು ಇಳಿಸಿಕೊಳ್ಳುವುದರಿಂದ ಅದು ಇದರಲ್ಲಿ ಸೇರಿಲ್ಲ. ಒಂದು ನಮೂದಿಗೆ ಒಂದೂವರೆ ನಿಮಿಷದಂತೆ ಮೂರೂವರೆ ಗಂಟೆ. ತಾಳೆ ನೋಡಲು ಒಂದು ಗಂಟೆ, ಕಾಗದಪತ್ರ ಸಂಗ್ರಹಿಸಿ ಸಂದೇಹಗಳನ್ನು ಕೇಳಲು ಇನ್ನೊಂದು ಗಂಟೆ. ಒಟ್ಟು ಐದೂವರೆ ಗಂಟೆಗೆ 1,500 ರೂಪಾಯಿ ಒಪ್ಪಿಕೊಂಡರೆ ಗಂಟೆಗೆ ಸುಮಾರು 270 ರೂಪಾಯಿ ದೊರೆಯುತ್ತದೆ. ಆರು ತಿಂಗಳ ನಂತರ ನಮೂದುಗಳು 220ಕ್ಕೆ ಏರಿದರೆ ಎರಡು ಗಂಟೆಯ ಕೆಲಸ ಹೆಚ್ಚಿ ಅದೇ ದರ 200ಕ್ಕೆ ಇಳಿಯುತ್ತದೆ. ಆಗ ಲೆಕ್ಕಿಗರು ಬಾಯಿ ಬಿಟ್ಟು ಕೇಳದೆ, ಸಮಯ ಉಳಿಸಲು ತಾಳೆ ನೋಡುವ ಕೆಲಸವನ್ನೇ ಬಿಟ್ಟುಬಿಡುವ ಸಂಭವವುಂಟು. ಇದರಿಂದ ನಷ್ಟ ಅಂಗಡಿಯವರಿಗೇ. ಹೀಗಾಗಿ ತಿಂಗಳಿಗೆ 150 ನಮೂದುಗಳವರೆಗೆ ಇಷ್ಟು, ಅದನ್ನು ಮೀರಿದ ಪ್ರತಿ ಐವತ್ತಕ್ಕೆ ಇಷ್ಟು ಎಂದು ಮೊದಲೇ ಬರೆದುಕೊಳ್ಳುವುದು ಉಭಯತರಿಗೂ ಕ್ಷೇಮ.

ಅದೇ ಕಾಗದದಲ್ಲಿ ದಿನಾಂಕಗಳೂ ಇರಬೇಕು. ತಿಂಗಳು ಮುಗಿದ ಮೇಲೆ 3ನೇ ತಾರೀಖಿನೊಳಗೆ ಚೀಟಿಗಳೂ ಬಿಲ್ಲುಗಳೂ ಲೆಕ್ಕಿಗರನ್ನು ತಲುಪಬೇಕು. 10ನೇ ತಾರೀಖಿನೊಳಗೆ ಸಾರಾಂಶ ಮಾಲೀಕರ ಕೈ ಸೇರಬೇಕು. ರಾಜಿ ತೆರಿಗೆ ಪದ್ಧತಿಯಡಿ ನೋಂದಾಯಿತರಾದ ಅಂಗಡಿಯವರು ತ್ರೈಮಾಸಿಕ ವಹಿವಾಟಿನ ಮೇಲಿನ ತೆರಿಗೆಯನ್ನು ಮುಂದಿನ ತಿಂಗಳ 18ರೊಳಗೆ ಕಟ್ಟಬೇಕಾಗಿರುವುದರಿಂದ ಈ ಅಂತರ ಅವಶ್ಯಕ. ತೆರಿಗೆ ವಿವರಪಟ್ಟಿಯ ಸಲ್ಲಿಕೆ, ನೋಟೀಸಿಗೆ ಉತ್ತರ, ಬ್ಯಾಂಕ್ ಸಾಲಕ್ಕೆ ಬೇಕಾದ ಪತ್ರಗಳು ಮಾಸಿಕ ಸಂಭಾವನೆಯಲ್ಲಿ ಸೇರಿವೆಯೇ ಇಲ್ಲವೇ ಎಂಬುದೂ ಸ್ಪಷ್ಟವಾಗಿರಬೇಕು. ಇವು ಬಹುಮಟ್ಟಿಗೆ ತೆರಿಗೆ ಸಲಹೆಗಾರರ ಕೆಲಸ. ಲೆಕ್ಕಿಗರದು ಅವರಿಗೆ ನಂಬಲರ್ಹವಾದ ಅಂಕಿಗಳನ್ನು ಒದಗಿಸುವ ಕೆಲಸ.

ಗೋಪ್ಯತೆ ಮತ್ತು ಒಡೆತನ

ಒಂದೇ ಬೀದಿಯ ಎರಡು ಅಂಗಡಿಗಳ ಲೆಕ್ಕ ಒಬ್ಬರ ಕೈಯಲ್ಲೇ ಇರುವುದು ಸಾಮಾನ್ಯ. ಒಬ್ಬರ ಖರೀದಿ ಬೆಲೆಯೂ ಲಾಭದ ಪ್ರಮಾಣವೂ ಇನ್ನೊಬ್ಬರಿಗೆ ತಿಳಿಯಕೂಡದು. ಆದ್ದರಿಂದ ಒಂದೇ ಕಡತದಲ್ಲಿ ಆರು ಹಾಳೆಗಳನ್ನು ಇಡುವುದು ಎಷ್ಟೇ ಅನುಕೂಲವೆನಿಸಿದರೂ ಕೂಡದು. ಪ್ರತಿ ಅಂಗಡಿಗೂ ಪ್ರತ್ಯೇಕ ಕಡತವಿದ್ದು, ತೆರೆಯಲು ಪ್ರತ್ಯೇಕ ಗುಪ್ತಪದವಿರಬೇಕು. ಹೊಸ ಅಂಗಡಿಗೆ ಕಡತ ತೆರೆಯುವಾಗ ಬೇರೊಂದು ಅಂಗಡಿಯ ಕಡತವನ್ನು ಅಳಿಸಿ ಬಳಸದೆ, ಖಾಲಿ ಮಾದರಿಯಿಂದಲೇ ಆರಂಭಿಸಬೇಕು.

ತಿಂಗಳ ಸಾರಾಂಶವನ್ನು ಮಾಲೀಕರು ಒಪ್ಪಿದ ಮೇಲೆ ಅದರ ಪಿಡಿಎಫ್ ಪ್ರತಿಯನ್ನೂ ಮೂಲ ಕಡತದ ಪ್ರತಿಯನ್ನೂ ಅವರಿಗೆ ಕೊಡಬೇಕು. ಅನಂತರ ಹಳೆಯ ಬಿಲ್ಲೊಂದು ಸಿಕ್ಕರೆ, ಮುಗಿದ ತಿಂಗಳನ್ನು ತಿದ್ದದೆ ನಡೆಯುತ್ತಿರುವ ತಿಂಗಳಿನಲ್ಲಿ ಕಾರಣಸಹಿತ ನಮೂದಿಸಬೇಕು. ಹೀಗೆ ಮಾಡಿದರೆ ಜೂನ್ ತಿಂಗಳ ಆಖೈರು ಶಿಲ್ಕೇ ಜುಲೈ ತಿಂಗಳ ಆರಂಭ ಶಿಲ್ಕಾಗಿ ಮುಂದುವರಿಯುತ್ತದೆ. ಲೆಕ್ಕಿಗರು ಬದಲಾದರೂ ಹೊಸಬರು ಅಲ್ಲಿಂದಲೇ ಕೆಲಸ ಆರಂಭಿಸಬಹುದು. ಲೆಕ್ಕವನ್ನು ಬೇರೆಯವರಿಗೆ ವಹಿಸಲು ಯೋಚಿಸುತ್ತಿರುವ ಸದಸ್ಯರು ಮುಂದಿನ ಒಂದನೇ ತಾರೀಖಿನಿಂದ ದಿನದ ಚೀಟಿ ಬರೆಯಲು ಆರಂಭಿಸಿ, ಒಂದು ತಿಂಗಳ ಚೀಟಿಗಳನ್ನು ಮುಂದಿಟ್ಟುಕೊಂಡು ಸಂಭಾವನೆಯ ಮಾತುಕತೆ ನಡೆಸಿದರೆ, ಎಷ್ಟು ನಮೂದುಗಳಿವೆ ಎಂಬುದು ಇಬ್ಬರಿಗೂ ಮೊದಲೇ ತಿಳಿದಿರುತ್ತದೆ.